ಇಪ್ಪತ್ತಣ್ಣನ ಐದನೇ ಆಟ

ಇಪ್ಪತ್ತಣ್ಣನ ನಿಜವಾದ ಹೆಸರು ಲಾರಿ ಸ್ಟ್ಯಾಂಡಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಯಾರಿಗೂ ಬೇಕಾಗಿಯೂ ಇರಲಿಲ್ಲ. ಲೋಡಿಗೆ ಕಾಯುತ್ತಾ ಕೂತ ಡ್ರೈವರುಗಳು ಶೆಡ್ಡಿನಲ್ಲಿ ತಾಡಪಾಲು ಹಾಸಿ ರಮ್ಮಿ ಆಡುತ್ತಿದ್ದರು. ಹದಿಮೂರು ಎಲೆ ಕೈಗೆ ಬಂದ ಮೇಲೆ, ಮೊದಲ ಎಲೆ ಎಳೆಯುವ ಮುಂಚೆಯೇ ಆಟ ಬಿಟ್ಟರೆ ಇಪ್ಪತ್ತು ಪಾಯಿಂಟು ದಂಡ. ಎಳೆದ ಮೇಲೆ ನಡುವೆ ಬಿಟ್ಟರೆ ನಲವತ್ತು. ಕೊನೆಯವರೆಗೂ ಕೂತು ಸಿಕ್ಕಿಬಿದ್ದರೆ ಕೈಯಲ್ಲಿದ್ದ ಎಲೆಯ ಲೆಕ್ಕ, ಅದು ಎಂಬತ್ತರವರೆಗೂ ಹೋಗಬಹುದು. ಗೆದ್ದವನಿಗೆ ಸೊನ್ನೆ. ಇವನು ಹತ್ತು ಆಟದಲ್ಲಿ ಐದಾರನ್ನು ಮೊದಲೇ ಬಿಟ್ಟು, "ಬರ್ಕೊಳಪ್ಪ ಇಪ್ಪತ್ತು" ಎಂದು ಬೀಡಿ ಹಚ್ಚುತ್ತಿದ್ದ. ಹೆಸರು ಹಾಗೆ ಅಂಟಿಕೊಂಡಿತು.

ಹೇಡಿ ಎಂದು ನಗುವವರು ನಗುತ್ತಿದ್ದರು. ಸಂಜೆ ಎದ್ದು ಹೋಗುವಾಗ ಎಲ್ಲರಿಗಿಂತ ಕಡಿಮೆ ಪಾಯಿಂಟು ಇರುತ್ತಿದ್ದದ್ದು ಮಾತ್ರ ಅವನದೇ.

ಆಟ ಕಲಿತದ್ದು ಜೈಲಿನಲ್ಲಿ. ಹರೆಯದಲ್ಲಿ ಓವರ್‌ಟೇಕ್ ವಿಷಯಕ್ಕೆ ಇನ್ನೊಬ್ಬ ಡ್ರೈವರನ ದವಡೆಯನ್ನು ಜಾಕ್ ರಾಡಿನಿಂದ ಎರಡು ತುಂಡು ಮಾಡಿ ಹದಿನಾಲ್ಕು ತಿಂಗಳು ಒಳಗಿದ್ದ. ಅಲ್ಲಿ ಪಕ್ಕದ ಚಾಪೆಯ ಮುದುಕನೊಬ್ಬ ಹೇಳಿಕೊಟ್ಟಿದ್ದ: ಎಲೆ ಎತ್ತಿದ ಕೂಡಲೇ ಜೋಕರ್ ಹುಡುಕಬೇಡ, ಅಸಲಿ ಸಾಲು ಹುಡುಕು. ಒಂದೇ ಬಣ್ಣದ, ಒಂದರ ಹಿಂದೊಂದು ಬರುವ ಮೂರು ಎಲೆ, ಜೋಕರಿನ ಹಂಗಿಲ್ಲದೆ. ಅದಿಲ್ಲದೆ ಉಳಿದದ್ದು ಏನಿದ್ದರೂ ಎಲೆ ಬಿಚ್ಚಿ ತೋರಿಸಿ ಗೆಲ್ಲಲು, ಅಂದರೆ ಶೋ ಕೊಡಲು, ಆಗುವುದಿಲ್ಲ. ಅಸಲಿ ಸಾಲು ಇದ್ದರೆ ಕೂರು. ಇಲ್ಲದಿದ್ದರೆ ಎರಡು ಜೋಕರಿದೆಯಾ, ಒಂದೇ ಎಲೆಗೆ ಕಾದಿರುವ ಜೋಡಿಗಳಿವೆಯಾ ನೋಡು. ಅದೂ ಇಲ್ಲ, ರಾಜ ರಾಣಿ ಗುಲಾಮರು ಮದುವೆಮನೆಗೆ ಬಂದ ನೆಂಟರ ಹಾಗೆ ತುಂಬಿದ್ದಾರೆ ಅಂದರೆ ಎದ್ದುಬಿಡು. ಮುಂದೆ ಬರುತ್ತೆ, ಬರುತ್ತೆ ಅಂತ ಕೂತವನೇ ಹಾಳಾಗುವುದು.

ಈ ಬುದ್ಧಿಯನ್ನು ಇಪ್ಪತ್ತಣ್ಣ ಎಲೆಗೆ ಮಾತ್ರ ಬಳಸಿದ. ಮನೆಗೆ ತರಲಿಲ್ಲ. ಹೆಂಡತಿ ಬದುಕಿದ್ದಷ್ಟು ದಿನ ಅವಳ ಮೇಲೂ ಕೈ ಮಾಡಿದವನೇ. ಅವಳು ಸತ್ತ ಮೇಲೆ ಅತ್ತ, ಆದರೆ ಅದು ಅವಳಿಗೆ ಏನು ಉಪಯೋಗ? ಒಬ್ಬಳೇ ಮಗಳು. ಅವಳನ್ನು ಇನ್ನೊಬ್ಬ ಡ್ರೈವರಿಗೇ ಕೊಟ್ಟ. ಹುಡುಗ ಆರಡಿ ಎತ್ತರ, ಟಯರನ್ನು ಒಂದೇ ಕೈಯಲ್ಲಿ ಎತ್ತುತ್ತಾನೆ ಎಂದು ಸ್ಟ್ಯಾಂಡಿನಲ್ಲೆಲ್ಲ ಹೊಗಳಿಕೊಂಡು ತಿರುಗಿದ. ಆ ಕೈ ಇನ್ನೇನನ್ನು ಎತ್ತಬಹುದು ಎಂದು ಯೋಚಿಸಲಿಲ್ಲ.

ಮದುವೆಯಾದ ಮೊದಲ ತಿಂಗಳೇ ಮಗಳು ಕೆನ್ನೆ ಊದಿಸಿಕೊಂಡು ಬಂದಳು. ಇವನು, "ಹೊಸದರಲ್ಲಿ ಹಾಗೇನಮ್ಮ, ಹೊಂದ್ಕೊಂಡು ಹೋಗು" ಎಂದು ಲಾರಿಯಲ್ಲೇ ಕೂರಿಸಿಕೊಂಡು ವಾಪಸ್ ಬಿಟ್ಟು ಬಂದ. ಆರನೇ ತಿಂಗಳು ಕಿವಿಯಿಂದ ರಕ್ತ ಬಂತು. ಆಗಲೂ ಬಿಟ್ಟು ಬಂದ. ಎರಡನೇ ವರ್ಷ, ಈ ಮಂಗಳವಾರ, ಅವಳು ಒಬ್ಬಳೇ ಬಸ್ಸು ಹತ್ತಿ ಬಂದಳು. ಎಡಭುಜದ ಮೂಳೆ ಮುರಿದಿತ್ತು. ಕುಕ್ಕರಿನ ಮುಚ್ಚಳದಿಂದ ಹೊಡೆದಿದ್ದನಂತೆ, ಬೇಳೆ ಹೊತ್ತಿತು ಅನ್ನುವ ಕಾರಣಕ್ಕೆ. ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಿ, ಸ್ಟ್ಯಾಂಡಿನ ಹಿಂದಿನ ಬೀದಿಯ ತನ್ನ ಎರಡು ಕೋಣೆಯ ಮನೆಯಲ್ಲಿ ಮಲಗಿಸಿದ. ಪೊಲೀಸ್ ಸ್ಟೇಷನ್ನಿಗೆ ಹೋಗೋಣ ಎಂದಳು. "ಇರಮ್ಮ, ನಾನೇ ಮಾತಾಡ್ತೀನಿ" ಎಂದ. ಈ ಸಲ ಬಿಟ್ಟು ಬರುವುದಿಲ್ಲ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದ. ಮನಸ್ಸಿನಲ್ಲೇ, ನೋಡಿ. ಬಾಯಿಬಿಟ್ಟು ಅವಳಿಗೆ ಹೇಳಿರಲಿಲ್ಲ.

ಶುಕ್ರವಾರ ಹನ್ನೊಂದು ಗಂಟೆಗೆ ಅಳಿಯ ಸ್ಟ್ಯಾಂಡಿಗೆ ಬಂದ. ಖಾಲಿ ಲಾರಿಯನ್ನು ಗೇಟಿಗೆ ಅಡ್ಡ ನಿಲ್ಲಿಸಿ ಕೆಳಗೆ ಹಾರಿದ. ಬಂದವನೇ ಯೂನಿಯನ್ ಗುಮಾಸ್ತನ ಸ್ಟೂಲನ್ನು ಒದ್ದ. ಸ್ಟೂಲು ಗೋಡೆಗೆ ಬಡಿದು ಕಾಲು ಮುರಿಯಿತು.

"ಎಲ್ಲಿ ನಮ್ಮ ಮಾವ? ನನ್ ಹೆಂಡ್ತೀನ ಬಚ್ಚಿಟ್ಕೊಂಡು ಇಲ್ಲಿ ಬೀಡಿ ಸೇದ್ತಾ ಕೂತಿದಾರಾ?"

ಇಪ್ಪತ್ತಣ್ಣ ಎದ್ದು ನಿಂತ. ಅಳಿಯನ ಎದೆಯವರೆಗೆ ಬರುವ ಆಳು. "ಇಲ್ಲೇ ಇದೀನಿ. ಅವಳು ಬರಲ್ಲ."

"ಬರಲ್ಲ ಅನ್ನೋಕೆ ನೀವ್ಯಾರು? ಕೂದ್ಲು ಹಿಡ್ದು ಎಳ್ಕೊಂಡ್ ಹೋಗ್ತೀನಿ, ಅಡ್ಡ ಬಂದವ್ರ ತಲೆ ಒಡೀತೀನಿ."

ಶೆಡ್ಡಿನಲ್ಲಿ ಹನ್ನೆರಡು ಜನ ಇದ್ದರು. ಒಬ್ಬರೂ ಏಳಲಿಲ್ಲ. ಗಂಡ ಹೆಂಡಿರ ವಿಷಯ ಎಂದು ಕೆಲವರು ಕಾಲ ಬೆರಳು ನೋಡಿಕೊಂಡರು, ಇನ್ನು ಕೆಲವರಿಗೆ ಮನೆಯಲ್ಲಿ ತಾವೂ ಅದನ್ನೇ ಮಾಡುವ ಅಭ್ಯಾಸ. ಗುಮಾಸ್ತ ಮಾತ್ರ ನಡುವೆ ಕೈ ಚಾಚಿದ.

"ಇಲ್ಲಿ ರಕ್ತ ಬೇಡ್ರಪ್ಪ. ಪೊಲೀಸ್ನೋರು ಗೇಟಿಗೆ ಬೀಗ ಹಾಕಿಸ್ತಾರೆ ಆಮೇಲೆ. ಕೂತ್ಕೊಂಡು ಮಾತಾಡಿ."

ಅಳಿಯ ತಾಡಪಾಲಿನ ಮೇಲೆ ಹರಡಿದ್ದ ಎಲೆಗಳನ್ನು ನೋಡಿದ. ಬಾಯಿ ಓರೆ ಮಾಡಿ ನಕ್ಕ. "ಮಾವ ದೊಡ್ಡ ಆಟಗಾರರಲ್ವಾ? ಬನ್ನಿ. ಐದು ಆಟ. ಜಾಸ್ತಿ ಪಾಯಿಂಟ್ ಆದವ್ನು ಸೋತ. ನಾನ್ ಸೋತ್ರೆ ನಿಮ್ ಬಾಗಿಲಿಗೆ ಈ ಜನ್ಮದಲ್ಲಿ ಬರಲ್ಲ. ನೀವ್ ಸೋತ್ರೆ ಮಧ್ಯಾಹ್ನವೇ ನನ್ ಜೊತೆ ಅವ್ಳನ್ನ ಕಳಿಸ್ಬೇಕು."

ಬೇರೆ ಯಾವ ತಂದೆಯಾದರೂ ಈ ಮಾತಿಗೆ ಕೆರ ಕಳಚುತ್ತಿದ್ದ. ಇಪ್ಪತ್ತಣ್ಣ ಲೆಕ್ಕ ಹಾಕಿದ. ಇದು ಅವನಂಥವನು ಮಾತ್ರ ಮಾಡಬಲ್ಲ ತಪ್ಪು. ಈ ಒರಟ ಯಾವ ಎಲೆಯನ್ನೂ ಬಿಡುವವನಲ್ಲ, ಕೈಗೆ ಏನು ಬಂದರೂ ಕೂರುತ್ತಾನೆ, ಒಂದೆರಡು ಸಲ ದೊಡ್ಡದಾಗಿ ಸಿಕ್ಕಿಬೀಳುತ್ತಾನೆ. ನಾನು ಕೆಟ್ಟ ಎಲೆಯನ್ನು ಇಪ್ಪತ್ತಕ್ಕೇ ಬಿಡುತ್ತಾ ಹೋದರೆ ಸಾಕು. ಹೊಡೆದಾಟದಲ್ಲಿ ಗೆಲ್ಲಲಾರೆ, ಇದರಲ್ಲಿ ಗೆಲ್ಲುತ್ತೇನೆ. ಹಾಗೆಂದುಕೊಂಡು, ಎಲ್ಲರೆದುರು ಲಾರಿಯ ಬೀಗದ ಕೈಯನ್ನು ತಾಡಪಾಲಿನ ಮೇಲೆ ಇಟ್ಟ. ಅಳಿಯನೂ ಇಟ್ಟ. ಬೀಗದ ಕೈ ಇಟ್ಟು ಆಡಿದ ಮಾತು ಮುರಿದವನ ಜೊತೆ ಆ ಸ್ಟ್ಯಾಂಡಿನವರು ಮತ್ತೆ ಕೂರುವುದಿಲ್ಲ. ದಾರಿಯಲ್ಲಿ ಅವನ ಲಾರಿ ಕೆಟ್ಟು ನಿಂತರೆ ಯಾರೂ ಬ್ರೇಕ್ ಒತ್ತುವುದಿಲ್ಲ.

ಗುಮಾಸ್ತ ಸೀಮೆಸುಣ್ಣದಿಂದ ನೆಲದ ಮೇಲೆ ಇಬ್ಬರ ಪಾಯಿಂಟು ಬರೆಯಲು ಎರಡು ಕಂಬ ಎಳೆದ.

ಮೊದಲ ಆಟದಲ್ಲಿ ಇಪ್ಪತ್ತಣ್ಣನಿಗೆ ಒಂದು ಜೋಕರ್, ಜೋಡಿಯಾಗಬಹುದಾದ ಎರಡು ಎಲೆ ಬಂದವು. ಉಳಿದದ್ದೆಲ್ಲ ದೊಡ್ಡ ದೊಡ್ಡ ಬಿಡಿ ಎಲೆ. ಎಳೆಯದೆ ಮಡಚಿ ಇಟ್ಟ. ಇಪ್ಪತ್ತು.

"ನೋಡ್ರೋ, ಗಂಡಸು!" ಎಂದು ಅಳಿಯ ತೊಡೆ ತಟ್ಟಿದ. ಇವನು ಬೀಡಿಯ ಬೂದಿ ಕೊಡವಿದ.

ಎರಡನೆಯದರಲ್ಲಿ ಆಟೀನಿನ ಐದು, ಆರು, ಏಳು ಒಟ್ಟಿಗೇ ಬಂದಿದ್ದವು. ಅಸಲಿ ಸಾಲು, ಪಕ್ಕದಲ್ಲಿ ಒಂದು ಜೋಕರ್. ಕೂತ. ಎಂಟನೇ ಸುತ್ತಿಗೆ ಶೋ ಕೊಟ್ಟ. ಅಳಿಯನಿಗೆ ಒಂದು ಅಸಲಿ ಸಾಲು ಬಿಟ್ಟರೆ ಬೇರೇನೂ ಕೂಡಿರಲಿಲ್ಲ. ಉಳಿದ ಎಲೆಯೆಲ್ಲ ಎಣಿಸಿ ನಲವತ್ತಾರು ಬರೆದರು. ಅಳಿಯ ಎಲೆಗಳನ್ನು ಗುಮಾಸ್ತನ ಮುಖಕ್ಕೆ ಎಸೆದ. ಕೆಳಗೆ ಬಿದ್ದ ಒಂದೊಂದನ್ನೂ ಗುಮಾಸ್ತ ಸದ್ದಿಲ್ಲದೆ ಆರಿಸಿಕೊಂಡ.

ಮೂರನೆಯದರಲ್ಲಿ ಎರಡು ರಾಜ, ಎರಡು ರಾಣಿ, ಜೋಕರ್ ಇಲ್ಲ. ಚೆಂದ ಕಾಣುವ ಕಸ. ಜೋಡಿ ರಾಜರನ್ನು ನೋಡಿ ಮರುಳಾಗುವವರು ಬೇರೆ, ಇವನು ಬಿಟ್ಟ. ನಲವತ್ತಕ್ಕೆ ನಲವತ್ತಾರು, ಇನ್ನೂ ಇವನೇ ಮುಂದೆ. ಅಳಿಯನ ಹಣೆಯ ನರ ಉಬ್ಬಿತ್ತು. ಪಕ್ಕದಲ್ಲಿ ಬಿದ್ದಿದ್ದ, ಚಕ್ರದ ನಟ್ಟು ಬಿಚ್ಚುವ ವೀಲ್ ಪಾನಾವನ್ನು ಎಳೆದು ಮಡಿಲಲ್ಲಿಟ್ಟುಕೊಂಡ.

"ಮಾವ, ಅವ್ಳೂ ನಿಮ್ ಥರಾನೇ. ಒಂದ್ ಏಟಿಗೇ ಮೂಲೆ ಸೇರ್ತಾಳೆ. ಎರಡನೇ ಏಟಿಗೆ ಕಾಯೋದೇ ಇಲ್ಲ, ಮಜಾನೇ ಇರಲ್ಲ."

ಯಾರೋ ನಕ್ಕರು. ನಕ್ಕವನು ಯಾರೆಂದು ಇಪ್ಪತ್ತಣ್ಣ ತಿರುಗಿ ನೋಡಲಿಲ್ಲ. ಹಚ್ಚಿದ್ದ ಬೀಡಿಯನ್ನು ಬೆರಳಲ್ಲೇ ಹೊಸಕಿದ. ಮೂವತ್ತು ವರ್ಷದ ಹಿಂದೆ ರಾಡು ಎತ್ತಿಸಿದ್ದೂ ಇದೇ ಸಿಟ್ಟು.

ನಾಲ್ಕನೆಯದು ಅತ್ತಲೂ ಅಲ್ಲದ ಇತ್ತಲೂ ಅಲ್ಲದ ಕೈ. ಅಸಲಿ ಸಾಲಿಲ್ಲ, ಆದರೆ ಕಳಾವರಿನ ಎಂಟು ಒಂಬತ್ತು ಜೊತೆಗಿವೆ, ಏಳೋ ಹತ್ತೋ ಬಂದರೆ ಆಯಿತು. ಜೋಕರ್ ಎರಡಿವೆ. ಇಂಥ ಕೈಯನ್ನು ಬಿಡಬಾರದು. ಕೂತ. ಏಳು ಬಂತು, ಆದರೆ ತಡವಾಗಿ. ಎರಡು ಸಾಲು ಕೂಡಿಸಿ, ಇನ್ನೊಂದು ಗುಂಪೂ ಆಗಿ, ಕೊನೆಗೆ ಒಂದು ಎಂಟು ಒಂದು ನಾಲ್ಕು ಹೊರಗುಳಿದಿದ್ದಾಗ ಅಳಿಯ ಶೋ ಎಂದು ಕೂಗಿದ. ಹನ್ನೆರಡು. ತಪ್ಪು ಆಟವೇನಲ್ಲ, ಎಲೆ ಕೈಕೊಟ್ಟಿತು ಅಷ್ಟೇ. ಆದರೆ ಈಗ ನೆಲದ ಮೇಲೆ ಇವನ ಕಂಬದಲ್ಲಿ ಐವತ್ತೆರಡು, ಅಳಿಯನದರಲ್ಲಿ ನಲವತ್ತಾರು.

ಆಗ ಇಪ್ಪತ್ತಣ್ಣನಿಗೆ ಹೊಳೆಯಿತು. ಐದನೇ ಆಟವನ್ನು ಬಿಟ್ಟರೆ ಎಪ್ಪತ್ತೆರಡು, ಅಲ್ಲಿಗೆ ಸೋತ. ಜೀವಮಾನವಿಡೀ ನಂಬಿಕೊಂಡ ದಾರಿಗೇ ಬೀಗ ಬಿದ್ದಿತ್ತು. ಎಲೆ ಹೇಗೇ ಬರಲಿ, ಕೂರಲೇಬೇಕು, ಗೆಲ್ಲಲೇಬೇಕು.

ಗುಮಾಸ್ತ ಎಲೆ ಹಂಚಿದ. ಉಳಿದ ಕಟ್ಟನ್ನು ನಡುವೆ ಕತ್ತರಿಸಿದಾಗ ಡೈಮಂಡಿನ ಮೂರು ಬಂತು, ಅಂದರೆ ಮೂರುಗಳೆಲ್ಲ ಜೋಕರ್. ಇಪ್ಪತ್ತಣ್ಣ ತನ್ನ ಹದಿಮೂರನ್ನು ಎತ್ತಿ ಬಣ್ಣದ ಪ್ರಕಾರ ಜೋಡಿಸಿದ. ಇಸ್ಪೀಟಿನ ರಾಜ, ಒಂಬತ್ತು, ಐದು, ಎರಡು. ಡೈಮಂಡಿನ ರಾಣಿ, ಎಂಟು, ನಾಲ್ಕು. ಕಳಾವರಿನ ಎಕ್ಕ, ಹತ್ತು, ಆರು. ಆಟೀನಿನ ಗುಲಾಮ, ಏಳು, ಎರಡು. ಒಂದಕ್ಕೊಂದು ಮುಖ ಕೊಟ್ಟು ಮಾತಾಡದ ದಾಯಾದಿಗಳು. ಮೂರು ಒಂದೂ ಇಲ್ಲ. ಸಾಲಿನ ಸುಳಿವಿಲ್ಲ. ಕೂಡಿದರೆ ತೊಂಬತ್ತಮೂರು, ದಂಡದ ಮಿತಿಯಾದ ಎಂಬತ್ತನ್ನೂ ದಾಟಿ. ಈ ಎಲೆಯನ್ನು ಕುರುಡನೂ ಬಿಡುತ್ತಾನೆ.

"ಎಳೀರಿ ಮಾವ," ಅಳಿಯ ಪಾನಾದಿಂದ ನೆಲ ಕುಟ್ಟಿದ. "ನಿಮ್ದೇ ಮೊದಲ ಕೈ. ಎಳೀರಿ, ಬರುತ್ತೆ ಎಲೆ. ಕಾದ್ರೆ ಎಲ್ಲಾ ಬರುತ್ತೆ."

ಕಾದರೆ ಬರುತ್ತೆ. ಅದನ್ನೇ ಇವನು ಊದಿದ ಕೆನ್ನೆಯ ಮುಂದೆ ಕೂತು ಹೇಳಿದ್ದ. ರಕ್ತ ಬಂದ ಕಿವಿಗೂ ಹೇಳಿದ್ದ. ಎಲೆಯಲ್ಲಾದರೆ ಕೈ ನೋಡಿದ ಕೂಡಲೇ ಕಾಣುತ್ತಿದ್ದದ್ದು, ಮಗಳ ಮುಖದಲ್ಲಿ ಎರಡು ಸಲ ಕಂಡರೂ ಕಾಣಲಿಲ್ಲವಲ್ಲ. ಈಗ ಮೂರನೇ ಸಲ ಅವಳನ್ನು ಈ ತೊಂಬತ್ತಮೂರರ ಜೊತೆ ಕಟ್ಟಿ ಕೂರಿಸಿದ್ದೇನೆ. ಇಪ್ಪತ್ತಣ್ಣನಿಗೆ ತನ್ನ ಮೇಲೆಯೇ ಅಸಹ್ಯ ಹುಟ್ಟಿತು.

ಹದಿಮೂರು ಎಲೆಯನ್ನೂ ಮುಖ ಮೇಲೆ ಮಾಡಿ ತಾಡಪಾಲಿನ ಮೇಲೆ ಹರಡಿದ. "ಆಟ ಇಲ್ಲ. ಪಂಥವೂ ಇಲ್ಲ. ಮಗಳನ್ನ ಕಳಿಸಲ್ಲ."

"ಬೀಗದ ಕೈ ಇಟ್ಟಿದೀಯಾ!" ಅಳಿಯ ಕಿರುಚಿದ.

"ಇಟ್ಟಿದ್ದು ತಪ್ಪು. ಮಾತು ತಪ್ಪಿದವ್ನು ಅಂತ ಕರ್ಕೊಳ್ಳಿ, ಉಗೀರಿ. ಕಳಿಸಲ್ಲ."

ಶೆಡ್ಡಿನಲ್ಲಿ ಗುಜುಗುಜು ಎದ್ದಿತು. ಹೆಣ್ಣನ್ನು ಪಂಥಕ್ಕಿಟ್ಟಾಗ ಸುಮ್ಮನಿದ್ದ ಮಹಾನುಭಾವರಿಗೆ, ಪಂಥ ಮುರಿದ ಕೂಡಲೇ ನ್ಯಾಯ ನೆನಪಾಯಿತು. "ಥೂ" ಎಂದನೊಬ್ಬ. ಅಳಿಯ ಇವನ ಬಲಗೈಯ ಮಣಿಕಟ್ಟು ಹಿಡಿದು ನೆಲಕ್ಕೆ ಒತ್ತಿ, ಪಾನಾವನ್ನು ಬೆರಳುಗಳ ಮೇಲೆ ಬಿಟ್ಟ. ಕಡ್ಡಿ ಮುರಿದ ಸದ್ದು. ಇನ್ನೊಮ್ಮೆ. ಇಪ್ಪತ್ತಣ್ಣ ಕೂಗಿದ. ಮೂರನೇ ಏಟು ಬಾಯಿಗೆ ಬಿದ್ದು ಮುಂದಿನ ಎರಡು ಹಲ್ಲು ಉದುರಿದವು. ರಾಜ ರಾಣಿಯರ ಮೇಲೆಲ್ಲ ರಕ್ತ ಸಿಡಿಯಿತು.

ಹನ್ನೆರಡು ಜನರಲ್ಲಿ ಒಬ್ಬನೂ ಕೈ ಹಿಡಿಯಲಿಲ್ಲ. ಮಾತು ತಪ್ಪಿದವನಿಗೆ ಬೀಳುವುದು ಬೀಳಲಿ ಎಂದು ನಿಂತರು.

ಅಳಿಯ ಅಷ್ಟಕ್ಕೆ ಬಿಡಲಿಲ್ಲ. ಪಾನಾವನ್ನು ಅಲ್ಲೇ ಎಸೆದು ಹಿಂದಿನ ಬೀದಿಯ ಕಡೆ ತಿರುಗಿದ. "ಈಗ ಅವ್ಳ ಇನ್ನೊಂದು ಭುಜ ನೋಡ್ಕೋತೀನಿ" ಎಂದ.

ಇಪ್ಪತ್ತಣ್ಣ ತೆವಳಿ ಅವನ ಕಾಲನ್ನು ತಬ್ಬಿಕೊಂಡ. ಅಳಿಯ ಎಳೆದುಕೊಂಡೇ ನಡೆದ. ಜಲ್ಲಿಕಲ್ಲಿನ ಮೇಲೆ ಮುದುಕನ ಮೊಣಕೈ ಸುಲಿಯಿತು, ಅಂಗಿ ಹರಿಯಿತು. ಮೀನಖಂಡಕ್ಕೆ ಬಾಯಿ ಹಾಕಿದ, ಉಳಿದ ಹಲ್ಲುಗಳು ಮಾಂಸಕ್ಕೆ ಇಳಿದವು. ಅಳಿಯ ಇನ್ನೊಂದು ಕಾಲಿನಿಂದ ಪಕ್ಕೆಗೆ ಒದ್ದ, ಮತ್ತೆ ಒದ್ದ. ಇಪ್ಪತ್ತಣ್ಣನ ಹಿಡಿತ ಸಡಿಲಿತು. ಎಡಗೈಗೆ ತಣ್ಣಗಿನ ಕಬ್ಬಿಣವೊಂದು ತಾಕಿತು. ಯಾರೋ ಲಾರಿಯಿಂದ ಇಳಿಸಿಟ್ಟಿದ್ದ ಜಾಕಿನ ರಾಡು.

ತಲೆಗೆ ಹೊಡೆಯಬೇಕು ಅನ್ನಿಸಿತು. ಎದುರಿನ ತಲೆ ಅಷ್ಟು ಹತ್ತಿರವಿತ್ತು, ಅಷ್ಟು ಆಸೆಯೂ ಇತ್ತು. ಆದರೆ ಎಡಗೈ, ನೆಲದ ಮೇಲೆ ಬಿದ್ದವನು. ರಾಡು ಅಷ್ಟು ಎತ್ತರಕ್ಕೆ ಏಳಲಿಲ್ಲ. ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಮಂಡಿಗೆ ಬೀಸಿದ. ಮಂಡಿ ಬಾಗಬಾರದ ಕಡೆಗೆ ಬಾಗಿತು. ಆರಡಿಯ ಆಳು ಟಯರ್ ಬಿದ್ದ ಹಾಗೆ ಬಿದ್ದು, ಅವ್ವಾ ಎಂದು ಅರಚತೊಡಗಿದ. ಇವನು ರಾಡನ್ನು ಮತ್ತೆ ಎತ್ತಿದ. ಆಗ ಮಾತ್ರ ಗುಮಾಸ್ತ ಓಡಿ ಬಂದು ಕಿತ್ತುಕೊಂಡ.

ಆಸ್ಪತ್ರೆಯ ಗಾಯಾಳುಗಳ ಕೋಣೆಯಲ್ಲಿ ಇಬ್ಬರನ್ನೂ ಎರಡು ತುದಿಗೆ ಮಲಗಿಸಿದರು. ನಡುವೆ ಒಬ್ಬ ಪೊಲೀಸು ಕುರ್ಚಿ ಹಾಕಿಕೊಂಡು ಕೂತ. ಮಧ್ಯಾಹ್ನ ಮೂರರ ಹೊತ್ತಿಗೆ ಮಗಳು ಬಂದಳು. ಭುಜದ ಪಟ್ಟಿ ಹಾಗೇ ಇತ್ತು. ಗಂಡನ ಕಡೆ ನೋಡಲಿಲ್ಲ. ಪೊಲೀಸನ ಹತ್ತಿರ ನಿಂತು, ಎರಡು ವರ್ಷದ್ದೆಲ್ಲ ಒಂದೊಂದಾಗಿ ಹೇಳಿ ಬರೆಸಿದಳು. ದನಿ ಒಮ್ಮೆಯೂ ನಡುಗಲಿಲ್ಲ. ಆಮೇಲೆ ತಂದೆಯ ಹಾಸಿಗೆಯ ಪಕ್ಕ ಬಂದು ಕೂತಳು. ಅವಳನ್ನು ಕರೆತಂದ ಗುಮಾಸ್ತ ದಾರಿಯಲ್ಲೇ ಎಲ್ಲ ಹೇಳಿದ್ದ.

ಇಪ್ಪತ್ತಣ್ಣನ ಬಲಗೈ ಕಟ್ಟಿನೊಳಗೆ ದಪ್ಪ ಗಡ್ಡೆಯಾಗಿತ್ತು. ಬಾಯಿ ಊದಿತ್ತು. "ಇನ್ನು ಅವ್ನು ಬರಲ್ಲಮ್ಮ" ಎಂದ. ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು, ಸುಳ್ಳು ಯಾಕೆ ಹೇಳಬೇಕು. ಮಗಳು ಕೈ ಹಿಡಿದುಕೊಂಡಾಳು, ಅತ್ತಾಳು ಎಂದು ಕಾದ.

ಅವಳು ಲೋಟದ ನೀರನ್ನು ಅವನ ತುಟಿಗೆ ಹಿಡಿದಳು. ಅವನು ಕುಡಿದ ಮೇಲೆ ಲೋಟ ಕೆಳಗಿಟ್ಟಳು.

"ನಾಲ್ಕು ಆಟ ಆಡಿದೆಯಂತೆ."

ಅವನು ತುಟಿಯ ನೀರನ್ನು ಎಡಗೈಯಿಂದ ಒರೆಸಿಕೊಂಡ.

"ಐದನೇದರಲ್ಲಿ ಎಲೆ ಕೆಟ್ಟದಾಗಿ ಬಂತು, ಎಸೆದೆ. ಒಳ್ಳೇದು ಬಂದಿದ್ರೆ?"

ಇಪ್ಪತ್ತಣ್ಣ ಚಾವಣಿ ನೋಡಿದ. ಫ್ಯಾನು ತಿರುಗುತ್ತಿತ್ತು. ಅಸಲಿ ಸಾಲು ಬಂದಿದ್ದರೆ, ಪಕ್ಕದಲ್ಲಿ ಎರಡು ಜೋಕರ್ ಇದ್ದಿದ್ದರೆ? ಏನೇನೋ ಹೇಳಬಹುದಿತ್ತು. ಎಲೆಯ ವಿಷಯದಲ್ಲಿ ಅವನು ಯಾವತ್ತೂ ಸುಳ್ಳು ಹೇಳಿದವನಲ್ಲ.

"ಆಡ್ತಿದ್ದೆ ಕಣಮ್ಮ" ಎಂದ.

ಮಗಳು ತಲೆ ಆಡಿಸಿದಳು, ಅವಳಿಗೆ ಅದು ಗೊತ್ತಿತ್ತು ಅನ್ನುವ ಹಾಗೆ. ಹೊದಿಕೆಯನ್ನು ಅವನ ಎದೆಯವರೆಗೆ ಎಳೆದು ಸರಿ ಮಾಡಿದಳು. ಆಮೇಲೆ ಎದ್ದು, ಒಂದೇ ಕೈಯಲ್ಲಿ ತನ್ನ ಚೀಲ ಎತ್ತಿಕೊಂಡು ಬಾಗಿಲಿನ ಕಡೆ ನಡೆದಳು. ಸ್ಟ್ಯಾಂಡಿನ ಹಿಂದಿನ ಮನೆಗಲ್ಲ ಎಂದು ಬಟ್ಟೆ ತುಂಬಿದ ಆ ಚೀಲ ಕಂಡಾಗಲೇ ಅವನಿಗೆ ತಿಳಿಯಿತು.